ಹತ್ತೂಮುಕ್ಕಾಲಿನ ಬಸ್ಸು: ಇಂಟರ್‌ನೆಟ್ ಇಲ್ಲದೆ ಕನ್ನಡ ಮಾತಾಡುವ ರೋಬಾಟ್

"ಶಿವಮೊಗ್ಗ ಬಸ್ 10:45ಕ್ಕೆ 3ನೇ ಪ್ಲಾಟ್‌ಫಾರ್ಮ್‌ನಿಂದ ಹೊರಡುತ್ತದೆ. ದರ ರೂ. 165."

ಈ ಸಾಲನ್ನು ಏಳನೇ ತರಗತಿಯ ಹುಡುಗಿ ತಡವರಿಸದೆ ಓದುತ್ತಾಳೆ. ಅವಳಿಗೆ ಗೊತ್ತಾಗದ ಹಾಗೆಯೇ ಅವಳ ಬಾಯಲ್ಲಿ 10:45ಕ್ಕೆ ಎಂಬುದು 'ಹತ್ತೂಮುಕ್ಕಾಲಿಗೆ' ಆಗುತ್ತದೆ, 3ನೇ ಎಂಬುದು 'ಮೂರನೇ' ಆಗುತ್ತದೆ, ರೂ. 165 ಎಂಬುದು ಹಿಂದುಮುಂದಾಗಿ 'ನೂರ ಅರವತ್ತೈದು ರೂಪಾಯಿ' ಆಗುತ್ತದೆ. ಇದೇ ಸಾಲನ್ನು ರೋಬಾಟಿನ ಬಾಯಿಗೆ ಕೊಟ್ಟು ನೋಡಿ. 'ಹತ್ತು ನಲವತ್ತೈದು ಕ್ಕೆ' ಎಂದೋ, 'ಮೂರು ನೇ' ಎಂದೋ ಹೇಳೀತು. 'ರೂ' ಎಂದು ನಿಂತು, ಉಸಿರೆಳೆದು, ಹೊಸ ವಾಕ್ಯ ಶುರು ಮಾಡಿದರೂ ಆಶ್ಚರ್ಯವಿಲ್ಲ.

ತಾಲ್ಲೂಕು ಬಸ್ ನಿಲ್ದಾಣದಲ್ಲಿ ನಿಂತು ವೇಳಾಪಟ್ಟಿ ಹೇಳುವ ಒಂದು ಪುಟ್ಟ ರೋಬಾಟನ್ನು ಕಾಲೇಜಿನ ಹುಡುಗರು ಮಾಡಲು ಹೊರಟಿದ್ದಾರೆ ಎಂದುಕೊಳ್ಳಿ. ಮೈಯೊಳಗೆ ರಾಸ್ಪ್‌ಬೆರಿ ಪೈ ತರಹದ ಅಂಗೈ ಅಗಲದ ಬೋರ್ಡ್, ಒಂದು ಸ್ಪೀಕರ್, ಒಂದು ಮೈಕ್. ನಿಲ್ದಾಣದಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ದೂರದ ಸರ್ವರ್ ಕೇಳಿಕೊಂಡು ಮಾತಾಡುವ ದಾರಿ ಮುಚ್ಚಿದೆ. ಬರೆದ ಕನ್ನಡವನ್ನು ಮಾತಾಗಿಸುವ ಕೆಲಸ ಪೂರ್ತಿ ಆ ಬೋರ್ಡಿನ ಮೇಲೆಯೇ ನಡೆಯಬೇಕು. ಇದು ಇವತ್ತು ಸಾಧ್ಯವೇ? ಸಾಧ್ಯ. ಆದರೆ ಕಷ್ಟ ಇರುವುದು ಬಹಳ ಜನ ಅಂದುಕೊಂಡ ಕಡೆಯಲ್ಲಲ್ಲ. ಒಳ್ಳೆಯ ದನಿ ಹುಡುಕುವುದು ಸುಲಭದ ಭಾಗ. ದನಿಗೆ ಕೊಡುವ ಕನ್ನಡವನ್ನು ಓದಲು ಬರುವಂತೆ ಬಿಡಿಸಿಕೊಡುವುದು ನಿಜವಾದ ಕೆಲಸ.

ಮೂರು ಬಗೆಯ ದನಿ

ಮೊದಲು ದನಿಯ ವಿಷಯ ಮುಗಿಸೋಣ. ಇಂಟರ್‌ನೆಟ್ ಇಲ್ಲದೆ ಕನ್ನಡ ಓದುವ ಎಂಜಿನ್‌ಗಳು ಮುಖ್ಯವಾಗಿ ಮೂರು ಬಗೆ.

ಒಂದನೆಯದು ಲೆಕ್ಕದಿಂದ ಹುಟ್ಟುವ ದನಿ. ಇ-ಸ್ಪೀಕ್ ಎನ್‌ಜಿ ಈ ಬಗೆಯದು. ಜೊನಾಥನ್ ಡಡಿಂಗ್‌ಟನ್ 1995ರಲ್ಲಿ ಏಕಾರ್ನ್ ಕಂಪ್ಯೂಟರಿಗಾಗಿ ಬರೆದ ತಂತ್ರಾಂಶ ಇದರ ಮೂಲ. ಯಾವ ಮನುಷ್ಯನ ದನಿಯನ್ನೂ ಇದು ಮುದ್ರಿಸಿಕೊಂಡು ಪೋಣಿಸುವುದಿಲ್ಲ. 'ಆ' ಅನ್ನುವಾಗ ಗಂಟಲು ಮತ್ತು ಬಾಯಿಯ ಪೊಳ್ಳಿನಲ್ಲಿ ಯಾವ ಯಾವ ಕಂಪನಗಳು ಎದ್ದು ಕಾಣುತ್ತವೆಯೋ ಅವನ್ನು ಸೂತ್ರದಿಂದ ಕಟ್ಟುತ್ತದೆ. ಆದ್ದರಿಂದಲೇ ನೂರಕ್ಕೂ ಹೆಚ್ಚು ಭಾಷೆಗಳಿದ್ದರೂ ಇದರ ಗಾತ್ರ ಕೆಲವೇ ಮೆಗಾಬೈಟ್. ಯಾವ ಪುಟ್ಟ ಬೋರ್ಡಿನ ಮೇಲಾದರೂ, ಕೇಳಿದ ತಕ್ಷಣ ಮಾತು ಶುರು. ಬೋರ್ಡಿನ ಮುಂದೆ ಕೂತು ಈ ಎರಡು ಸಾಲು ಕೊಟ್ಟರೆ ಸಾಕು:

```
sudo apt install espeak-ng
espeak-ng -v kn -s 130 "ನಮಸ್ಕಾರ, ಬನ್ನಿ"
```

`kn` ಎಂದರೆ ಕನ್ನಡ. `-s` ಎಂಬುದು ನಿಮಿಷಕ್ಕೆ ಎಷ್ಟು ಪದ ಎಂಬ ವೇಗ. ನಾವು ಹೇಳದಿದ್ದರೆ ಅದು 175ಕ್ಕೆ ಓಡುತ್ತದೆ. ಕನ್ನಡದ ಪದಗಳು ಉದ್ದ, ನಿಲ್ದಾಣದಲ್ಲಿ ಗದ್ದಲ ಬೇರೆ. ಆದ್ದರಿಂದ 120ರಿಂದ 140ರ ನಡುವೆ ಇಡುವುದು ವಾಸಿ. ದನಿ ಮಾತ್ರ ತಗಡಿನದು. ಕಣ್ಣು ಕಾಣದವರು ಬಳಸುವ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶದ ಜೊತೆಗೇ ಇದು ಬರುತ್ತದೆ. ದಿನವಿಡೀ ಕೇಳಿ ಅಭ್ಯಾಸವಾದವರು ಇದನ್ನು ಬಹಳ ವೇಗದಲ್ಲಿಯೂ ಹಿಡಿಯುತ್ತಾರೆ. ಬಸ್ಸಿಗೆ ಕಾದ ಅಜ್ಜಿಗೆ ಆ ಅಭ್ಯಾಸ ಇರುವುದಿಲ್ಲ.

ಎರಡನೆಯದು ಮುದ್ರಿಸಿದ ದನಿಯಿಂದ ಕಟ್ಟಿದ, ಆದರೆ ಹಗುರವಾದ ಬಗೆ. ಈ ದಾರಿಯಲ್ಲಿ ಬೆಂಗಳೂರಿಗೆ ಹಳೆಯ ಹೆಜ್ಜೆಗುರುತು ಇದೆ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ಕೈಹಿಡಿಯ ಕಂಪ್ಯೂಟರ್ ಸಿಂಪ್ಯೂಟರ್, ಓದು ಬಾರದವರಿಗೆ ಅವರ ಭಾಷೆಯಲ್ಲೇ ಮಾತಾಡಿ ತೋರಿಸಬೇಕೆಂಬ ಉದ್ದೇಶದಿಂದ ಹುಟ್ಟಿದ್ದು. ಅದರಲ್ಲಿದ್ದದ್ದು 206 ಮೆಗಾಹರ್ಟ್ಸ್‌ನ ಪ್ರೊಸೆಸರ್. ಭಾರತೀಯ ಭಾಷೆಗಳನ್ನು ಓದುವ 'ಧ್ವನಿ' ಎಂಬ ತಂತ್ರಾಂಶ ಆ ಯೋಜನೆಯ ಜೊತೆಯಲ್ಲೇ ಬೆಳೆಯಿತು. ಈಗ ಸುಲಭವಾಗಿ ಸಿಗುವುದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಫ್ಲೈಟ್ ಎಂಬ ಎಂಜಿನ್. ಅದಕ್ಕೆ ಕನ್ನಡದ ಒಂದು ದನಿಯ ಕಡತವೂ ಇದೆ. ಇ-ಸ್ಪೀಕ್‌ಗಿಂತ ಮನುಷ್ಯರ ದನಿಗೆ ಹತ್ತಿರ, ಆದರೆ ಸ್ವಲ್ಪ ಗೊಗ್ಗರು.

ಮೂರನೆಯದು ನರಜಾಲದ ದನಿ. ಗಂಟೆಗಟ್ಟಲೆ ಓದಿ ಮುದ್ರಿಸಿದ ಕನ್ನಡವನ್ನು ಕೇಳಿಸಿ ಕಲಿಸಿದ ಮಾದರಿ ಇದು. ಕಿವಿಗೆ ಇದೇ ಹಿತ. ಮೆಟಾ ಕಂಪನಿ 2023ರಲ್ಲಿ ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಬಿಟ್ಟ ಎಂಎಂಎಸ್ ಮಾದರಿಗಳಲ್ಲಿ ಕನ್ನಡದ್ದೂ ಒಂದು. ಗಾತ್ರ ನೂರು ಮೆಗಾಬೈಟಿಗಿಂತ ಹೆಚ್ಚು. ಷೆರ್ಪಾ-ಓಎನ್‌ಎನ್‌ಎಕ್ಸ್ ಎಂಬ ತಂತ್ರಾಂಶ ಇಂಥ ಮಾದರಿಯನ್ನು ಪುಟ್ಟ ಬೋರ್ಡಿನ ಮೇಲೆ, ಇಂಟರ್‌ನೆಟ್ ಇಲ್ಲದೆ ಓಡಿಸುತ್ತದೆ:

```
sherpa-onnx-offline-tts --vits-model=model.onnx \
  --vits-tokens=tokens.txt \
  --output-filename=a.wav "ನಮಸ್ಕಾರ, ಬನ್ನಿ"
```

ಇದರಲ್ಲಿ ಎರಡು ತೊಡಕುಗಳಿವೆ. ಎಂಎಂಎಸ್ ಪರವಾನಗಿ ವ್ಯಾಪಾರಕ್ಕೆ ಬಳಸಲು ಬಿಡುವುದಿಲ್ಲ. ಕಾಲೇಜಿನ ಪ್ರದರ್ಶನಕ್ಕೆ ಸರಿ, ಅಂಗಡಿಯ ಮುಂದೆ ನಿಲ್ಲಿಸುವ ರೋಬಾಟಿಗೆ ಸಲ್ಲದು. ಜೊತೆಗೆ, ಈ ಮಾದರಿಗಳು ಕಲಿತದ್ದು ಬೈಬಲಿನ ಹೊಸ ಒಡಂಬಡಿಕೆಯ ಓದಿನಿಂದ. ಆ ಕನ್ನಡದಲ್ಲಿ ಟಿಕೆಟ್ಟೂ ಇಲ್ಲ, ಪ್ಲಾಟ್‌ಫಾರ್ಮೂ ಇಲ್ಲ. ನಿಲ್ದಾಣದ ಮಾತಿನಲ್ಲಿ ಅದು ಎಡವುವುದು ಹೆಚ್ಚಾಗಿ ಇಂಥ ಪದಗಳಲ್ಲೇ.

ಸ್ವಂತ ದನಿ ತರಬೇತಿ ಮಾಡಿಕೊಳ್ಳುವ ಛಲ ಇದ್ದವರಿಗೂ ಸಾಮಗ್ರಿ ಇದೆ. ಗೂಗಲ್ ಮುಕ್ತವಾಗಿ ಬಿಟ್ಟಿರುವ ಕನ್ನಡ ಗಂಡು ಹೆಣ್ಣು ದನಿಗಳ ಸಂಗ್ರಹ ಓಪನ್‌ಎಸ್‌ಎಲ್‌ಆರ್ ತಾಣದಲ್ಲಿ 79ನೇ ಸಂಖ್ಯೆಯಲ್ಲಿ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿಸ್ಪಿನ್ ಯೋಜನೆಯಲ್ಲಿ, ಐಐಟಿ ಮದ್ರಾಸಿನ ಸಂಗ್ರಹದಲ್ಲಿ ಕನ್ನಡ ಇದೆ. ಆದರೆ ತರಬೇತಿ ನಡೆಯುವುದು ದೊಡ್ಡ ಕಂಪ್ಯೂಟರಿನಲ್ಲಿ. ಬೋರ್ಡಿಗೆ ಬರುವುದು ಅದರ ಫಲ ಮಾತ್ರ.

ಓದಲು ಬರುವಂತೆ ಬಿಡಿಸುವುದು

ಈಗ ನಮ್ಮ ಸಾಲಿಗೆ ಬರೋಣ. ಯಾವ ಎಂಜಿನ್ ಆರಿಸಿದರೂ ಅದಕ್ಕೆ ಅಂಕಿ, ಗುರುತು, ಸಂಕ್ಷಿಪ್ತ ರೂಪ ಯಾವುದನ್ನೂ ಕೊಡಬಾರದು. ಎಲ್ಲವನ್ನೂ ಮೊದಲೇ ಅಕ್ಷರದಲ್ಲಿ ಬಿಡಿಸಿದ ಕನ್ನಡವಾಗಿ ಮಾಡಿ ಕೊಡಬೇಕು. ಎಂಎಂಎಸ್ ತರಹದ ಮಾದರಿಗಳಿಗೆ ಒಂದು ಅಕ್ಷರಪಟ್ಟಿ ಇರುತ್ತದೆ. ಅದರಲ್ಲಿ ಇಲ್ಲದ ಗುರುತು ಬಂದರೆ ದೂರು ಹೇಳದೆ ಅದನ್ನು ನುಂಗಿಬಿಡುತ್ತವೆ. ಅಂಕಿ ಆ ಪಟ್ಟಿಯಲ್ಲಿಲ್ಲದಿದ್ದರೆ ಪ್ರಯಾಣಿಕನಿಗೆ ಕೇಳುವುದು 'ಶಿವಮೊಗ್ಗ ಬಸ್ ಕ್ಕೆ' ಎಂದು. ಪರದೆಯ ಮೇಲೆ ಎಲ್ಲವೂ ಸರಿ ಇರುತ್ತದೆ, ಕಿವಿಗೆ ಮಾತ್ರ ಹೊತ್ತು ಬೀಳುವುದಿಲ್ಲ.

ಕನ್ನಡದ ಅಂಕಿ ಇಂಗ್ಲಿಷಿನ ಅಂಕಿಯ ಹಾಗೆ ಒಂಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ವಿಭಕ್ತಿ ಅಂಟುತ್ತದೆ, ಅಂಟಿದಾಗ ಅಂಕಿಯ ಕೊನೆಯೂ ಬದಲಾಗುತ್ತದೆ. 3ನೇ ಎಂದರೆ ಮೂರು ಮತ್ತು ನೇ ಅಲ್ಲ, ಮೂರನೇ. 5ಕ್ಕೆ ಎಂದರೆ ಐದಕ್ಕೆ. 25ರಂದು ಎಂದರೆ ಇಪ್ಪತ್ತೈದರಂದು. ನಮ್ಮ ಅದೃಷ್ಟಕ್ಕೆ ಇದರಲ್ಲಿ ಒಂದು ಸಲೀಸು ಇದೆ. ಒಂದರಿಂದ ನೂರರವರೆಗಿನ ಎಲ್ಲ ಸಂಖ್ಯೆಗಳೂ ಉಕಾರದಲ್ಲಿ ಮುಗಿಯುತ್ತವೆ. ಕೊನೆಯ ಕೊಂಬನ್ನು ಕಳಚಿ ಪ್ರತ್ಯಯ ಜೋಡಿಸಿದರೆ ಮೂರನೇ, ಐದಕ್ಕೆ, ಹತ್ತರಂದು ತಾವಾಗಿಯೇ ಬರುತ್ತವೆ. ಸಾವಿರ, ಲಕ್ಷ, ಕೋಟಿಗಳಿಗೆ ಮಾತ್ರ ಬೇರೆ ನಿಯಮ ಬರೆಯಬೇಕು. ಮುಂದೆ ಇನ್ನೊಂದು ಸಂಖ್ಯೆ ಬಂದಾಗ ಅವು ಸಾವಿರದ, ಲಕ್ಷದ, ಕೋಟಿಯ ಎಂದಾಗುತ್ತವೆ. ನೂರು 'ನೂರ' ಆಗುತ್ತದೆ. ನೂರುಗಳ ಹೆಸರುಗಳನ್ನೂ ಲೆಕ್ಕದಿಂದ ಕಟ್ಟಲಾಗದು. ಇನ್ನೂರು, ಮುನ್ನೂರು, ನಾನೂರು, ಐನೂರು, ಒಂಬೈನೂರು ಇವುಗಳ ಪಟ್ಟಿಯನ್ನೇ ಇಡಬೇಕು.

ಹೊತ್ತು ಹೇಳುವುದು ಇನ್ನೂ ಸ್ವಾರಸ್ಯ. ಗಡಿಯಾರದ 10:15, 10:30, 10:45 ನಮ್ಮ ಬಾಯಲ್ಲಿ ಹತ್ತೂಕಾಲು, ಹತ್ತೂವರೆ, ಹತ್ತೂಮುಕ್ಕಾಲು. ಇಲ್ಲಿ ಹತ್ತು ಎಂಬುದರ ಕೊನೆಯ ಉಕಾರ ಊಕಾರವಾಗಿ ಎಳೆದುಕೊಳ್ಳುತ್ತದೆ. ಅಲ್ಲದೆ 'ಕ್ಕೆ' ಎಂದು ಬರೆದದ್ದು 'ಗೆ' ಎಂದು ಓದಿಸಿಕೊಳ್ಳುತ್ತದೆ. 10:45ಕ್ಕೆ ಎಂಬ ಬರಹದಲ್ಲಿ ಇರುವ ಪ್ರತ್ಯಯವನ್ನೇ ಕಿತ್ತು ಬೇರೆಯದನ್ನು ಹಾಕಬೇಕು. ಒಂದರಿಂದ ಹನ್ನೆರಡರವರೆಗಿನ ಎಲ್ಲ ಗಂಟೆಗಳಿಗೂ ಈ ನಿಯಮ ಕೂಡಿಬರುವುದರಿಂದ ಪ್ರೋಗ್ರಾಮ್ ಇಷ್ಟರಲ್ಲೇ ಮುಗಿಯುತ್ತದೆ:

```python
BAALA = {15: "ಕಾಲಿಗೆ", 30: "ವರೆಗೆ", 45: "ಮುಕ್ಕಾಲಿಗೆ"}

def hottige(g, n):
    h = SANKHYE[g]              # 10 ಆದರೆ "ಹತ್ತು"
    if n == 0:
        return h + " ಗಂಟೆಗೆ"
    if n in BAALA:
        return h[:-1] + "ೂ" + BAALA[n]
    return h + " ಗಂಟೆ " + SANKHYE[n] + " ನಿಮಿಷಕ್ಕೆ"
```

`h[:-1]` ಎಂಬುದು ಕೊನೆಯ ಗುರುತನ್ನು, ಅಂದರೆ ಕೊಂಬನ್ನು ಕಳಚುತ್ತದೆ. ಅದರ ಜಾಗದಲ್ಲಿ ದೀರ್ಘದ ಕೊಂಬು ಕೂರುತ್ತದೆ. 10 ಮತ್ತು 45 ಕೊಟ್ಟರೆ 'ಹತ್ತೂಮುಕ್ಕಾಲಿಗೆ', 7 ಮತ್ತು 30 ಕೊಟ್ಟರೆ 'ಏಳೂವರೆಗೆ', 9 ಮತ್ತು 20 ಕೊಟ್ಟರೆ 'ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ' ಹೊರಬರುತ್ತದೆ. `SANKHYE` ಎಂಬುದು ಸಂಖ್ಯೆಗಳ ಕನ್ನಡ ಹೆಸರಿನ ಪಟ್ಟಿ. ಅದನ್ನು ಕೈಯಿಂದಲೇ ಬರೆಯುವುದು ಒಳ್ಳೆಯದು. ನಲವತ್ತು ಅನ್ನುತ್ತೀರೋ ನಾಲ್ವತ್ತು ಅನ್ನುತ್ತೀರೋ, ನಿಮ್ಮ ಊರಿನ ಕಿವಿಗೆ ಯಾವುದು ಸರಿಯೋ ಅದೇ ಇರಲಿ. ಹನ್ನೆರಡರ ನಂತರದ ರೈಲ್ವೆ ಗಡಿಯಾರದ ಹೊತ್ತನ್ನು ಮೊದಲೇ ಇಳಿಸಿಕೊಂಡು 'ಸಂಜೆ', 'ರಾತ್ರಿ' ಎಂದು ಸೇರಿಸಬೇಕು. 'ಹದಿನೆಂಟೂವರೆಗೆ' ಎಂದು ಯಾರೂ ಹೇಳುವುದಿಲ್ಲ.

ಇನ್ನು ಚುಕ್ಕಿ. ಉದ್ದ ಪಠ್ಯವನ್ನು ಪೂರ್ಣವಿರಾಮ ಕಂಡಲ್ಲಿ ಮುರಿದು, ಒಂದೊಂದು ವಾಕ್ಯವಾಗಿ ದನಿಗೆ ಕೊಡುವುದು ರೂಢಿ. ಆದರೆ ಕನ್ನಡ ಬರಹದಲ್ಲಿ ಚುಕ್ಕಿ ವಾಕ್ಯದ ಕೊನೆಗೆ ಮಾತ್ರ ಬರುವುದಿಲ್ಲ. ರೂ., ಡಾ., ಕಿ.ಮೀ., ಕೆ.ಎಸ್.ಆರ್.ಟಿ.ಸಿ. ಎಲ್ಲದರಲ್ಲೂ ಚುಕ್ಕಿ ಇದೆ. ಹೀಗಾಗಿ ಮುರಿಯುವ ಮೊದಲೇ ಇವನ್ನು ಬಿಡಿಸಬೇಕು. ರೂಪಾಯಿಯ ಮುಂದೆ ಸಂಖ್ಯೆ ಬಂದರೆ ಅವೆರಡನ್ನು ಅದಲುಬದಲು ಮಾಡಬೇಕು. ಕಿ.ಮೀ. ಎಂಬುದು 'ಕಿಲೋಮೀಟರ್' ಆಗಬೇಕು. ನಿಗಮದ ಹೆಸರು ಚುಕ್ಕಿಗಳಿಲ್ಲದ 'ಕೆಎಸ್ಸಾರ್ಟಿಸಿ' ಆಗಬೇಕು, ಜನ ಹೇಳುವುದೂ ಹಾಗೆಯೇ.

ಕಣ್ಣಿಗೆ ಕಾಣದ ಅಕ್ಷರ

'ಪ್ಲಾಟ್‌ಫಾರ್ಮ್' ಎಂಬ ಪದದೊಳಗೆ ಓದುಗರಿಗೆ ಕಾಣದ ಒಂದು ಗುರುತು ಅಡಗಿದೆ. 'ಟ್' ಮತ್ತು 'ಫಾ' ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ತಡೆಯಲು ಬೆರಳಚ್ಚಿಸುವಾಗ ಹಾಕುವ ಅಗಲವಿಲ್ಲದ ಗುರುತು ಅದು. ಯುನಿಕೋಡ್ ಪಟ್ಟಿಯಲ್ಲಿ ಅದರ ಸಂಖ್ಯೆ `U+200C`. 'ರ‍್ಯಾಂಕ್' ಬರೆಯುವಾಗ ಅರ್ಕಾವೊತ್ತು ಬಾರದಿರಲೆಂದು ಹಾಕುವುದು ಅದರ ಅಣ್ಣ, `U+200D`. ಕಣ್ಣಿಗೆ ಇವು ಬೇಕು, ಕಿವಿಗೆ ಬೇಡ. ಕೆಲವು ಎಂಜಿನ್‌ಗಳು ಇಂಥ ಗುರುತು ಕಂಡಲ್ಲಿ ಪದ ಮುಗಿಯಿತೆಂದು ತಿಳಿದು 'ಪ್ಲಾಟ್ ಫಾರ್ಮ್' ಎಂದು ನಡುವೆ ನಿಲ್ಲಿಸಿ ಓದಬಹುದು. ಕಿತ್ತುಹಾಕಿದರೆ ಅಕ್ಷರದ ಆಕಾರ ಬದಲಾಗುತ್ತದೆ, ಉಚ್ಚಾರ ಬದಲಾಗುವುದಿಲ್ಲ. ದನಿಗೆ ಕೊಡುವ ಮುನ್ನ ಕಿತ್ತುಬಿಡುವುದೇ ಸರಿ.

ಇದಕ್ಕಿಂತ ಗುಟ್ಟಾದ ತೊಂದರೆ ಓತ್ವದ್ದು. 'ಕೋ' ಎಂಬ ಅಕ್ಷರದ ಸ್ವರಚಿಹ್ನೆಯನ್ನು ಕಂಪ್ಯೂಟರಿನಲ್ಲಿ ಒಂದೇ ಗುರುತಾಗಿಯೂ ಇಡಬಹುದು, ಎತ್ವ, ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಮಾದರಿ ಒಂದನ್ನು ಮಾತ್ರ ಕಲಿತಿದ್ದರೆ ಇನ್ನೊಂದು ಬಂದಾಗ 'ಕೋಲಾರ' ವಿಚಿತ್ರವಾಗಿ ಕೇಳುತ್ತದೆ. ಬೇರೆ ಬೇರೆ ಕಡೆಯಿಂದ ನಕಲು ಮಾಡಿ ತಂದ ಪಠ್ಯದಲ್ಲಿ ಇದು ಸಾಮಾನ್ಯ. ಎರಡಕ್ಕೂ ಮದ್ದು ಎರಡೇ ಸಾಲು:

```python
t = unicodedata.normalize("NFC", t)
t = t.replace("\u200c", "").replace("\u200d", "")
```

ಉಚ್ಚಾರದ ವಿಷಯಕ್ಕೆ ಬಂದರೆ ಕನ್ನಡ ಬರೆದಂತೆ ಓದುವ ಭಾಷೆ ಎಂಬ ಮಾತು ಬಹುಪಾಲು ನಿಜ. ಹಿಂದಿಯಲ್ಲಿ ಪದದ ಕೊನೆಯ ಅಕಾರ ಬಿದ್ದುಹೋಗುವಂತೆ ನಮ್ಮಲ್ಲಿ ಬೀಳುವುದಿಲ್ಲ. ನಮ್ಮ ಬಸವ 'ಬಸವ್' ಅಲ್ಲ. ಅನುಸ್ವಾರ ಮುಂದಿನ ಅಕ್ಷರ ನೋಡಿ ದನಿ ಬದಲಿಸುತ್ತದೆ. ಅಂಕ, ಅಂಚೆ, ಅಂಟು, ಅಂದ, ಅಂಬು ಈ ಐದರಲ್ಲೂ ಸೊನ್ನೆಯ ದನಿ ಬೇರೆ ಬೇರೆ, ಆದರೆ ನಿಯಮ ಸ್ಪಷ್ಟ. ನಿಯಮ ಮೀರುವ ಕೆಲವೇ ಜಾಗಗಳಿವೆ. 'ಬ್ರಹ್ಮ' ಎಂದು ಬರೆದು 'ಬ್ರಮ್ಹ' ಎನ್ನುತ್ತೇವೆ, 'ಚಿಹ್ನೆ' ಎಂದು ಬರೆದು 'ಚಿನ್ಹೆ' ಎನ್ನುತ್ತೇವೆ. ಫಲದ 'ಫ' ಬೇರೆ, ಫೋನಿನ 'ಫ' ಬೇರೆ. ವ್ಯಾಪಾರದ 'ವ್ಯಾ'ದಲ್ಲಿ ಯಕಾರ ಕೇಳುತ್ತದೆ, ಬ್ಯಾಂಕಿನ 'ಬ್ಯಾ'ದಲ್ಲಿ ಕೇಳುವುದಿಲ್ಲ. ಎಂಜಿನ್ ಒಂದು ಪದವನ್ನು ಹೇಗೆ ತಿಳಿದಿದೆ ಎಂದು ಇ-ಸ್ಪೀಕ್‌ನಲ್ಲಿ ದನಿ ಹೊರಡಿಸದೆಯೇ ನೋಡಬಹುದು:

```
espeak-ng -v kn -q --ipa "ಬ್ರಹ್ಮ"
```

ತಪ್ಪು ಕಂಡರೆ ಎಂಜಿನ್ ಬಿಚ್ಚಲು ಹೋಗಬೇಕಿಲ್ಲ. 'ಬ್ರಹ್ಮಾವರ' ಕಂಡಾಗ 'ಬ್ರಮ್ಹಾವರ' ಎಂದು ಕೊಡು ಎಂಬ ಬದಲಿ ಪಟ್ಟಿಯೊಂದನ್ನು ಇಟ್ಟರೆ ಸಾಕು. ಬಸ್ ನಿಲ್ದಾಣದ ರೋಬಾಟಿಗೆ ಅದು ಊರುಗಳ ಹೆಸರಿನ ಪಟ್ಟಿಯೇ ಆಗುತ್ತದೆ.

ರಾತ್ರಿ ಬೇಯಿಸಿ ಹಗಲು ಬಡಿಸುವುದು

ಪಠ್ಯ ಸಿದ್ಧವಾಯಿತು. ಈಗ ವೇಗದ ಪ್ರಶ್ನೆ. ಇದನ್ನು ಅಳೆಯುವ ಕ್ರಮ ಸರಳ. ದನಿ ತಯಾರಿಸಲು ಹಿಡಿದ ಸೆಕೆಂಡುಗಳನ್ನು ದನಿಯ ಉದ್ದದಿಂದ ಭಾಗಿಸಿ. ಆರು ಸೆಕೆಂಡಿನ ಮಾತು ತಯಾರಾಗಲು ಮೂರು ಸೆಕೆಂಡು ಹಿಡಿದರೆ ಉತ್ತರ 0.5, ಹದಿನೆಂಟು ಸೆಕೆಂಡು ಹಿಡಿದರೆ 3. ಉತ್ತರ ಒಂದಕ್ಕಿಂತ ಕಡಿಮೆ ಇದ್ದರೆ ಮೊದಲ ವಾಕ್ಯ ನುಡಿಸುತ್ತಿರುವಾಗಲೇ ಎರಡನೆಯದು ಸಿದ್ಧವಾಗುತ್ತದೆ. ಒಂದಕ್ಕಿಂತ ಹೆಚ್ಚಾದರೆ ಪ್ರಶ್ನೆ ಕೇಳಿದವನು ರೋಬಾಟಿನ ಮುಖ ನೋಡುತ್ತ ನಿಲ್ಲಬೇಕು. ರಾಸ್ಪ್‌ಬೆರಿ ಪೈ 4 ಅಥವಾ 5 ಇದ್ದರೆ ಹಗುರವಾದ ನರಜಾಲದ ದನಿಯನ್ನು ಆಗಿಂದಾಗ್ಗೆ ತಯಾರಿಸಬಹುದು. ಬೆಲೆ ಕಡಿಮೆ ಎಂದು ಜನ ಕೊಳ್ಳುವ ಪೈ ಝೀರೋ 2 ಡಬ್ಲ್ಯೂನಲ್ಲಿ ಇರುವ ನೆನಪು 512 ಮೆಗಾಬೈಟ್, ಪ್ರೊಸೆಸರ್ 1 ಗಿಗಾಹರ್ಟ್ಸ್. ಅಲ್ಲಿ ನೂರು ಮೆಗಾಬೈಟಿನ ಮಾದರಿ ಕೂರುತ್ತದೆ, ಆದರೆ ಏದುಸಿರು ಬಿಡುತ್ತದೆ.

ಹಾಗೆಂದು ತಗಡಿನ ದನಿಗೆ ಇಳಿಯಬೇಕಿಲ್ಲ. ಬಸ್ ನಿಲ್ದಾಣದ ರೋಬಾಟ್ ಹೇಳುವ ಮಾತಿನಲ್ಲಿ ಬಹುಪಾಲು ಮೊದಲೇ ಗೊತ್ತಿರುತ್ತದೆ. ನಲವತ್ತು ಮಾರ್ಗ, ಒಂದೊಂದಕ್ಕೆ ಮೂರು ಹೊತ್ತು ಎಂದಿಟ್ಟುಕೊಳ್ಳಿ, ಒಟ್ಟು 120 ವಾಕ್ಯ. ವಾಕ್ಯಕ್ಕೆ ಆರು ಸೆಕೆಂಡಿನಂತೆ 720 ಸೆಕೆಂಡು ಮಾತು. ಎಂಎಂಎಸ್ ದನಿ ಸೆಕೆಂಡಿಗೆ 16,000 ಬಿಂದುಗಳದ್ದು, ಬಿಂದುವಿಗೆ 2 ಬೈಟ್, ಅಂದರೆ ಸೆಕೆಂಡಿಗೆ 32,000 ಬೈಟ್. ಎಲ್ಲ ಸೇರಿ 23 ಮೆಗಾಬೈಟ್. ಮೆಮೊರಿ ಕಾರ್ಡಿನಲ್ಲಿ ಇದು ಲೆಕ್ಕಕ್ಕೇ ಇಲ್ಲ. ಅಳತೆ 3 ಬರುವ ನಿಧಾನದ ಬೋರ್ಡಿಗೂ ಈ 720 ಸೆಕೆಂಡಿನ ಮಾತು ತಯಾರಿಸಲು ಬೇಕಾದದ್ದು 36 ನಿಮಿಷ. ವೇಳಾಪಟ್ಟಿ ಬದಲಾದ ರಾತ್ರಿ ಬೋರ್ಡ್ ತಾನೇ ಕೂತು ಹೊಸ ವಾಕ್ಯಗಳನ್ನು ದನಿ ಮಾಡಿಟ್ಟುಕೊಳ್ಳಲಿ. ಬೆಳಗ್ಗೆ ಅದು ಮಾಡಬೇಕಾದದ್ದು ಕಡತ ತೆರೆದು ನುಡಿಸುವುದಷ್ಟೆ. ಇದಕ್ಕೆ ಇಂಟರ್‌ನೆಟ್ಟೂ ಬೇಡ, ದೊಡ್ಡ ಬೋರ್ಡೂ ಬೇಡ.

ಈ ದಾರಿಯಲ್ಲಿ ಇನ್ನೊಂದು ಲಾಭ ಇದೆ. ಎಂಎಂಎಸ್ ತರಹದ ಮಾದರಿಗಳು ಒಂದೇ ವಾಕ್ಯವನ್ನು ಪ್ರತಿ ಸಲ ಸ್ವಲ್ಪ ಬೇರೆಯಾಗಿ ಓದುತ್ತವೆ. ಒಮ್ಮೆ 'ತೀರ್ಥಹಳ್ಳಿ' ಚೆನ್ನಾಗಿ ಬರುತ್ತದೆ, ಇನ್ನೊಮ್ಮೆ 'ರ್ಥ' ನುಂಗಿಹೋಗುತ್ತದೆ. ಮೊದಲೇ ತಯಾರಿಸಿದ್ದನ್ನು ಯಾರಾದರೂ ಕೇಳಿ, ಸರಿ ಇಲ್ಲದ್ದನ್ನು ಮತ್ತೆ ಓದಿಸಬಹುದು. ಆಗಿಂದಾಗ್ಗೆ ಹುಟ್ಟುವ ಮಾತಿಗೆ ಈ ಸೌಲಭ್ಯ ಇಲ್ಲ.

ಆದರೆ ವಾಕ್ಯವನ್ನು ಪೂರ್ತಿಯಾಗಿ ತಯಾರಿಸಬೇಕು. ಊರಿನ ಹೆಸರು ಒಂದು ಕಡತ, ಹೊತ್ತು ಒಂದು ಕಡತ, ಪ್ಲಾಟ್‌ಫಾರ್ಮ್ ಒಂದು ಕಡತ ಎಂದು ತುಂಡು ಮಾಡಿ ಜೋಡಿಸಿದರೆ ರೈಲು ನಿಲ್ದಾಣದ ಪ್ರಕಟಣೆಯ ಹಾಗಾಗುತ್ತದೆ. ಪ್ರತಿ ತುಂಡಿನ ಕೊನೆಯಲ್ಲೂ ದನಿ ಇಳಿದು, ಮತ್ತೆ ಏರುತ್ತದೆ.

ಮೊದಲೇ ಗೊತ್ತಿಲ್ಲದ ಮಾತು ಯಾವುದು? ಬಂದವರ ಹೆಸರು, ತಡವಾದ ಬಸ್ಸಿನ ಹೊಸ ಹೊತ್ತು. ಇಂಥವನ್ನು ಆಗಲೇ ತಯಾರಿಸಬೇಕು. ಆಗ "ಸ್ವಲ್ಪ ಇರಿ, ನೋಡಿ ಹೇಳ್ತೀನಿ" ಎಂಬ ಸಿದ್ಧ ಮಾತು ನುಡಿಸಿದರೆ ಒಂದೆರಡು ಸೆಕೆಂಡು ಸಿಗುತ್ತದೆ. ಇದಕ್ಕೆಂದು ಇ-ಸ್ಪೀಕ್ ಬಳಸುವವರಿದ್ದಾರೆ. ಒಂದೇ ಬಾಯಲ್ಲಿ ಎರಡು ದನಿ ಬಂದರೆ ಮಕ್ಕಳು ನಗುತ್ತಾರೆ. ಆದಷ್ಟೂ ಒಂದೇ ದನಿ ಇರಲಿ.

ಸಿದ್ಧ ಮಾತು ಬರೆಯುವಾಗ ಇನ್ನೊಂದು ಗಮನ. ಫಲಕದ ಮೇಲೆ 'ಹೊರಡುತ್ತದೆ' ಸರಿ. ಎದುರು ನಿಂತು ಮಾತಾಡುವ ರೋಬಾಟಿನ ಬಾಯಲ್ಲಿ 'ಹೊರಡುತ್ತೆ' ಹೆಚ್ಚು ಸಲೀಸು. 'ಬನ್ನಿ', 'ಕೇಳಿ' ಎಂಬ ಬಹುವಚನ ಬಿಡಬೇಡಿ. ಯಂತ್ರವಾದರೂ ಹಿರಿಯರನ್ನು ಏಕವಚನದಲ್ಲಿ ಕರೆದರೆ ಕಿವಿಗೆ ಚುಚ್ಚುತ್ತದೆ.

ಸ್ಪೀಕರಿನ ಬಾಯಿ

ಕಡತದಲ್ಲಿ ಚೆನ್ನಾಗಿದ್ದ ಮಾತು ಸ್ಪೀಕರಿನಲ್ಲಿ ಕೆಡುವುದುಂಟು. ಪೈ ಝೀರೋ 2 ಡಬ್ಲ್ಯೂ ಮತ್ತು ಪೈ 5ರಲ್ಲಿ ಹೆಡ್‌ಫೋನ್ ತೂತೇ ಇಲ್ಲ. ರೋಬಾಟ್ ಮಾಡುವವರು ಬಳಸುವುದು ಸಾಮಾನ್ಯವಾಗಿ `MAX98357A` ಎಂಬ ಪುಟ್ಟ ಆಂಪ್ಲಿಫೈಯರ್ ಹಲಗೆ. ಇದು ಬೋರ್ಡಿನಿಂದ ಅಂಕಿಯ ರೂಪದಲ್ಲೇ ದನಿ ಪಡೆದು 4 ಓಮ್ ಸ್ಪೀಕರಿಗೆ 3 ವ್ಯಾಟ್‌ವರೆಗೆ ಕೊಡುತ್ತದೆ. ಬೋರ್ಡಿನ 18, 19, 21ನೇ ಜಿಪಿಐಓ ಕಾಲುಗಳಿಗೆ ಮೂರು ತಂತಿ, ಕರೆಂಟಿಗೆ ಎರಡು ತಂತಿ, ಅಷ್ಟೇ ಜೋಡಣೆ.

ಇಲ್ಲಿ ಎರಡು ತೊಂದರೆ ಸಾಮಾನ್ಯ. 'ನಮಸ್ಕಾರ' ಎಂಬುದು 'ಮಸ್ಕಾರ' ಎಂದು ಕೇಳಿದರೆ ತಪ್ಪು ಕನ್ನಡದ್ದಲ್ಲ. ಸುಮ್ಮನಿದ್ದ ಆಂಪ್ಲಿಫೈಯರ್ ಏಳುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತದೆ. ಪ್ರತಿ ಕಡತದ ಮೊದಲಿಗೆ ಕಾಲು ಸೆಕೆಂಡಿನ ಮೌನ ಸೇರಿಸಿದರೆ ಸರಿಹೋಗುತ್ತದೆ. ಎರಡನೆಯದು, ಕೈ ಎತ್ತುತ್ತ ಮಾತಾಡುವಾಗ ದನಿ ಮುರಿಯುವುದು ಅಥವಾ ಬೋರ್ಡೇ ಮತ್ತೆ ಶುರುವಾಗುವುದು. ಮೋಟಾರು, ಬೋರ್ಡು, ಆಂಪ್ಲಿಫೈಯರ್ ಮೂರಕ್ಕೂ ಒಂದೇ ಕಡೆಯಿಂದ ಕರೆಂಟ್ ಕೊಟ್ಟರೆ ಹೀಗಾಗುತ್ತದೆ. ಖಾತರಿ ಮಾಡಿಕೊಳ್ಳಲು ಈ ಆದೇಶ ಇದೆ:

```
vcgencmd get_throttled
```

`throttled=0x0` ಬಂದರೆ ನಿಶ್ಚಿಂತೆ. `0x50000` ಬಂದರೆ ಬೋರ್ಡ್ ಶುರುವಾದ ಮೇಲೆ ಯಾವಾಗಲೋ ವೋಲ್ಟೇಜ್ ಕುಸಿದು, ಅದು ತನ್ನ ವೇಗ ತಗ್ಗಿಸಿಕೊಂಡಿದೆ ಎಂದರ್ಥ. ಮೋಟಾರಿಗೆ ಬೇರೆ ಬ್ಯಾಟರಿ ಕೊಡಿ. ರೋಬಾಟ್ ಮಾತಾಡುವಷ್ಟು ಹೊತ್ತು ಅದರ ಮೈಕನ್ನು ಮುಚ್ಚಿಡಿ, ಇಲ್ಲದಿದ್ದರೆ ತನ್ನ ಮಾತಿಗೆ ತಾನೇ ಉತ್ತರ ಕೊಡಲು ಹೊರಡುತ್ತದೆ.

ಪರೀಕ್ಷೆ ಮಾಡುವ ಬಗೆ

ಮಾಡಿದವರ ಕಿವಿಯನ್ನು ನಂಬಬಾರದು. ಏನು ಹೇಳಲಿದೆ ಎಂದು ಮೊದಲೇ ಗೊತ್ತಿದ್ದರೆ ಎಂಥ ತೊದಲೂ ಸ್ಪಷ್ಟವಾಗಿಯೇ ಕೇಳುತ್ತದೆ. ಪಠ್ಯ ನೋಡದ ಒಬ್ಬರನ್ನು ಕೂರಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಕನ್ನಡಕ್ಕೆ ಮುಖ್ಯವಾದ ಭೇದಗಳನ್ನು ಮೊದಲು ಪರೀಕ್ಷಿಸಿ. ಹಲ್ಲಿ ಮತ್ತು ಹಳ್ಳಿ, ಮನೆ ಮತ್ತು ಮಣೆ, ಕಾಲು ಮತ್ತು ಕಾಳು, ಕತೆ ಮತ್ತು ಕತ್ತೆ. ಕೊನೆಯ ಜೋಡಿಯಲ್ಲಿ ಎಂಜಿನ್ ಒತ್ತಕ್ಷರಕ್ಕೆ ಬೇಕಾದಷ್ಟು ಹೊತ್ತು ಕೊಡುತ್ತಿದೆಯೇ ಎಂಬುದು ಬಯಲಾಗುತ್ತದೆ. ವೇಗ ಹೆಚ್ಚಿಸಿದಾಗ ಮೊದಲು ಕೆಡುವುದೂ ಅದೇ. ಆಮೇಲೆ ನಿಲ್ದಾಣಕ್ಕೆ ಒಯ್ದು, ಬಸ್ಸಿನ ಎಂಜಿನ್ ಸದ್ದಿನ ನಡುವೆ ಹತ್ತೂಕಾಲು ಮತ್ತು ಹತ್ತೂಮುಕ್ಕಾಲು ಬೇರೆ ಬೇರೆಯಾಗಿ ಕೇಳುತ್ತವೆಯೇ ನೋಡಿ. ಸಂಶಯವಿದ್ದರೆ ಹೊತ್ತನ್ನು ಎರಡು ಸಲ ಹೇಳಿಸಿ.

ಕನ್ನಡ ಮಾತಾಡುವ ರೋಬಾಟ್ ಮಾಡಲು ಹೊರಟವರಿಗೆ ಕೊನೆಯದಾಗಿ ಒಂದು ಮಾತು. ದೊಡ್ಡ ಬೋರ್ಡಿಗೆ ಹಣ ಸುರಿಯುವ ಮೊದಲು ಸಂಖ್ಯೆ, ಹೊತ್ತು, ಸಂಕ್ಷಿಪ್ತ ರೂಪ, ಊರ ಹೆಸರುಗಳ ನಾಲ್ಕು ಪಟ್ಟಿ ಬರೆದುಕೊಳ್ಳಿ. ಎಂಜಿನ್ ಯಾವತ್ತಾದರೂ ಬದಲಿಸಬಹುದು, ಈ ಪಟ್ಟಿಗಳು ಎಲ್ಲ ಎಂಜಿನ್‌ಗೂ ಆಗುತ್ತವೆ. ಬರೆದ ಮೇಲೆ ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳದೆ ಮುಕ್ತ ಪರವಾನಗಿಯಲ್ಲಿ ಹಂಚಿ. ಮುಂದೆ ಬರುವ ಹುಡುಗರು 'ಹತ್ತು ನಲವತ್ತೈದು ಕ್ಕೆ'ಯಿಂದ ಮತ್ತೆ ಶುರು ಮಾಡುವುದು ತಪ್ಪಲಿ.